ಪವರ್ ಬ್ಯಾಂಕ್ ಕೈಗೆ ಸಿಗುವ ಹಾಗೇ ಯಾಕಿರಬೇಕು

ಚೆಕ್-ಇನ್ ಕೌಂಟರಿನಲ್ಲಿ "ಬ್ಯಾಗಲ್ಲಿ ಪವರ್ ಬ್ಯಾಂಕ್ ಇದೆಯಾ?" ಅಂತ ಕೇಳಿದ ಕೂಡಲೇ ಹಿಂದಿನ ಸಾಲಿನಲ್ಲಿ ಯಾರಾದರೂ ಒಬ್ಬರು, ಪವರ್ ಬ್ಯಾಂಕನ್ನು ಕೆಳಗೆ ಹೋಗುವ ಲಗೇಜಿನಲ್ಲಿ ಹಾಕಬಾರದು, ಕೈಯಲ್ಲೇ ಒಯ್ಯಬೇಕು ಅನ್ನುವ ನಿಯಮಕ್ಕೆ ಪಕ್ಕದವರಿಗೆ ಕಾರಣ ಹೇಳಿಕೊಡುತ್ತಿರುತ್ತಾರೆ. ಮೇಲೆ ಹೋದಾಗ ಲಗೇಜ್ ಇಡುವ ಜಾಗದಲ್ಲಿ ಗಾಳಿಯ ಒತ್ತಡ ಇರಲ್ಲ, ಅದಕ್ಕೇ ಬ್ಯಾಟರಿ ಸಿಡಿಯುತ್ತೆ ಅಂತ. ಕೇಳಿ ಕೇಳಿ ಸಾಕಾಗಿದೆ. ಪ್ರಯಾಣಿಕರ ವಿಮಾನದಲ್ಲಿ ಕೆಳಗಿನ ಕಾರ್ಗೋ ಹೋಲ್ಡಿಗೂ ಮೇಲೆ ನಾವು ಕೂರುವ ಕ್ಯಾಬಿನ್ನಿಗೂ ಒತ್ತಡ ಹೆಚ್ಚುಕಮ್ಮಿ ಒಂದೇ. ಕೆಳಗಿಟ್ಟರೆ ಬ್ಯಾಟರಿ ಬೇಗ ಕೆಡುತ್ತದೆ ಅನ್ನೋದಕ್ಕೆ ಆಧಾರವೇ ಇಲ್ಲ. ಹತ್ತಿಕೊಳ್ಳುವ ಅಪಾಯ ಮೇಲೆ ಎಷ್ಟೋ ಕೆಳಗೂ ಅಷ್ಟೇ.

ಹಾಗಿದ್ದ ಮೇಲೆ, ಬೆಂಕಿ ಹತ್ತಬಹುದಾದ ವಸ್ತುವನ್ನು ನೂರಾರು ಜನ ಕೂತಿರುವ ಜಾಗಕ್ಕೇ ತನ್ನಿ ಅನ್ನುತ್ತಾರಲ್ಲ, ಇದೆಂಥ ವಿಚಿತ್ರ? ಬ್ಯಾಟರಿ ಎಲ್ಲಿ ಹತ್ತಿಕೊಳ್ಳುತ್ತದೆ ಅನ್ನೋದು ಇಲ್ಲಿ ಮುಖ್ಯ ಅಲ್ಲ. ಹತ್ತಿಕೊಂಡರೆ ಎಲ್ಲಿ ಆರಿಸಬಹುದು ಅನ್ನೋದೇ ಮುಖ್ಯ.

ಇದು ಅರ್ಥ ಆಗಬೇಕಾದರೆ ಪವರ್ ಬ್ಯಾಂಕಿನಲ್ಲಿರುವ ಸೆಲ್ಲಿನ ಒಳಗೆ ಇಣುಕಬೇಕು. ಲಿಥಿಯಂ-ಅಯಾನ್ ಸೆಲ್ ಅಂದರೆ ಎರಡು ಉದ್ದನೆಯ ಲೋಹದ ಹಾಳೆಗಳನ್ನು ಚಾಪೆ ಸುತ್ತಿದ ಹಾಗೆ ಒಟ್ಟಿಗೆ ಸುತ್ತಿಟ್ಟಿರೋದು. ಒಂದಕ್ಕೆ ಗ್ರಾಫೈಟ್ ಲೇಪ, ಇನ್ನೊಂದಕ್ಕೆ ಲಿಥಿಯಂ ಇರುವ ಲೋಹದ ಆಕ್ಸೈಡಿನ ಲೇಪ. ಇವೆರಡರ ನಡುವೆ ತೆಳ್ಳಗಿನ ಪ್ಲಾಸ್ಟಿಕ್ ಪರದೆ, ಅದಕ್ಕೆ ಸೆಪರೇಟರ್ ಅಂತಾರೆ. ದಪ್ಪ ಸುಮಾರು 20 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಐವತ್ತನೇ ಒಂದು ಪಾಲು. ಇದೆಲ್ಲ ನೆನೆದಿರುವ ದ್ರವ ನೀರಲ್ಲ, ಸುಲಭವಾಗಿ ಹತ್ತಿಕೊಳ್ಳುವ ದ್ರಾವಕ. ಇಡೀ ಸೆಲ್ಲಿನ ಮಾನ ಉಳಿಸುತ್ತಿರೋದು ಆ ಪರದೆ.

ತಯಾರಿಯಲ್ಲಿ ನುಸುಳಿದ ಲೋಹದ ಒಂದು ಚೂರು ಸಾಕು, ಅಥವಾ ಎಂದೋ ಕೆಳಗೆ ಬಿದ್ದಾಗ ಆದ ಒಂದು ಮಡಿಕೆ. ಪರದೆಯಲ್ಲಿ ಒಂದು ಕಡೆ ತೂತು ಬೀಳುತ್ತದೆ, ಆ ಜಾಗ ಬಿಸಿಯಾಗುತ್ತದೆ. 100 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಗ್ರಾಫೈಟ್ ಮೇಲಿನ ರಕ್ಷಣೆಯ ಪದರ ಒಡೆಯುತ್ತದೆ, ಒಡೆಯುವಾಗ ಅದೂ ಒಂದಿಷ್ಟು ಕಾವು ಕೊಡುತ್ತದೆ. 130 ಡಿಗ್ರಿಯ ಹತ್ತಿರ ಸಾಮಾನ್ಯ ಪಾಲಿಥೀನ್ ಪರದೆ ಕರಗುತ್ತದೆ. ಆಗ ತೂತಿದ್ದ ಕಡೆ ಮಾತ್ರ ಅಲ್ಲ, ಎಲ್ಲೆಲ್ಲೂ ಶಾರ್ಟ್. 200 ಡಿಗ್ರಿ ಸುತ್ತಮುತ್ತ ಆಕ್ಸೈಡ್ ತಾನೇ ಕುಸಿಯತೊಡಗಿ ಆಮ್ಲಜನಕ ಬಿಡುತ್ತದೆ. ಒಂದೊಂದು ಮೆಟ್ಟಿಲೂ ಮುಂದಿನ ಮೆಟ್ಟಿಲಿಗೆ ಬೇಕಾದ ಬಿಸಿಯನ್ನು ತಾನೇ ಒದಗಿಸುತ್ತದೆ. ಇದರ ಹೆಸರು ಥರ್ಮಲ್ ರನ್‌ಅವೇ.

ಹಾಲು ಉಕ್ಕೋದನ್ನು ನೋಡಿದ್ದೀರಲ್ಲ, ಎಷ್ಟೋ ಹೊತ್ತು ಸುಮ್ನೆ ಇರುತ್ತದೆ, ಆಮೇಲೆ ಒಂದೇ ಸಲ ಮೇಲೆದ್ದು ಬರುತ್ತದೆ. ಆದರೆ ಹಾಲಿಗೆ ಕೆಳಗಿನ ಉರಿ ಆರಿಸಿದರೆ ಇಳಿಯುತ್ತದೆ. ಇಲ್ಲಿ ಉರಿ ಪಾತ್ರೆಯ ಒಳಗೇ ಇದೆ, ಆರಿಸೋಕೆ ಗುಂಡಿಯೇ ಇಲ್ಲ. ಇಳಿಜಾರಿನಲ್ಲಿ ಬ್ರೇಕ್ ಇಲ್ಲದ ಗಾಡಿ ಅನ್ನಿ ಬೇಕಾದರೆ, ಆದರೆ ಅದೂ ಪೂರ್ತಿ ಸರಿಯಾಗಲ್ಲ, ಯಾಕೆಂದರೆ ಈ ಗಾಡಿ ಓಡುತ್ತಾ ಓಡುತ್ತಾ ಇಳಿಜಾರನ್ನೇ ಇನ್ನೂ ಕಡಿದಾಗಿಸಿಕೊಳ್ಳುತ್ತದೆ. ಅದರ ಜೊತೆಗೆ ಪವರ್ ಬ್ಯಾಂಕಿನಲ್ಲಿ ಹೆಚ್ಚಾಗಿ ಒಂದಕ್ಕಿಂತ ಜಾಸ್ತಿ ಸೆಲ್ ಇರುತ್ತವೆ, ಒತ್ತೊತ್ತಾಗಿ. ಸಾಲಾಗಿಟ್ಟ ಬೆಂಕಿಕಡ್ಡಿಗಳ ಹಾಗೆ ಒಂದರ ಕಾವು ಪಕ್ಕದ್ದನ್ನು ಎಬ್ಬಿಸುತ್ತದೆ. ಮೊದಲನೆಯದು ಉರಿದು ತಣ್ಣಗಾಯಿತು ಅಂದುಕೊಂಡ ಎಷ್ಟೋ ನಿಮಿಷದ ಮೇಲೆ ಎರಡನೆಯದು ಭುಗ್ ಅನ್ನಬಹುದು.

ಈಗ ವಿಮಾನದ ಹೊಟ್ಟೆಗೆ ಇಳಿಯೋಣ. ದೊಡ್ಡ ವಿಮಾನಗಳ ಕಾರ್ಗೋ ಹೋಲ್ಡಿನಲ್ಲಿ ಹೊಗೆ ಪತ್ತೆ ಮಾಡುವ ಸಾಧನ ಇರುತ್ತದೆ, ಬೆಂಕಿ ಅಡಗಿಸೋಕೆ ಹ್ಯಾಲಾನ್ 1301 ಅನ್ನುವ ಅನಿಲ ಇರುತ್ತದೆ. ಓಜೋನ್ ಪದರ ತಿನ್ನುತ್ತದೆ ಅಂತ ಮಾಂಟ್ರಿಯಲ್ ಒಪ್ಪಂದದ ಪ್ರಕಾರ ಮುಂದುವರಿದ ದೇಶಗಳು 1994ರಲ್ಲಿ ಇದನ್ನು ತಯಾರಿಸೋದನ್ನೇ ನಿಲ್ಲಿಸಿದವು. ವಿಮಾನಗಳು ಮಾತ್ರ ಹಳೇ ದಾಸ್ತಾನನ್ನೇ ಶುದ್ಧ ಮಾಡಿ ಇನ್ನೂ ಬಳಸುತ್ತಿವೆ, ಅಷ್ಟು ಒಳ್ಳೇ ಅನಿಲ ಅದು. ಒಳ್ಳೇದು ಯಾಕೆ ಅಂದರೆ ಜ್ವಾಲೆ ಅನ್ನೋದು ಒಂದು ಸರಪಳಿ ಕ್ರಿಯೆ. ಹ್ಯಾಲಾನಿನ ಬ್ರೋಮಿನ್ ಪರಮಾಣುಗಳು ಆ ಸರಪಳಿಯ ಕೊಂಡಿಗಳನ್ನೇ ಕಿತ್ತುಕೊಳ್ಳುತ್ತವೆ. ಬಟ್ಟೆ, ಕಾಗದ, ಸೂಟ್‌ಕೇಸ್ ಹತ್ತಿಕೊಂಡರೆ ಜ್ವಾಲೆ ಅಡಗಿ ಬರೀ ಹೊಗೆಯಾಡುತ್ತಾ ಇರುತ್ತದೆ, ಅಷ್ಟರಲ್ಲಿ ಪೈಲಟ್ ಎಲ್ಲಾದರೂ ಇಳಿಸಬಹುದು.

ಬ್ಯಾಟರಿ ವಿಷಯದಲ್ಲಿ ಹ್ಯಾಲಾನ್ ಅರ್ಧ ಕೆಲಸ ಮಾತ್ರ ಮಾಡುತ್ತದೆ. ಹೊರಗಿನ ಜ್ವಾಲೆ ಆರುತ್ತದೆ, ಒಳಗಿನ ಕಾವು ಇಳಿಯಲ್ಲ. ಬ್ಯಾಟರಿ ತನಗೆ ಬೇಕಾದ ಆಮ್ಲಜನಕವನ್ನೆಲ್ಲ ತಾನೇ ಮಾಡಿಕೊಳ್ಳುತ್ತದೆ, ಅದಕ್ಕೇ ಆರಿಸೋಕೆ ಆಗಲ್ಲ ಅಂತ ಎಲ್ಲರೂ ಬರೆಯುತ್ತಾರೆ. ಅದು ಉತ್ಪ್ರೇಕ್ಷೆ. ಒಳಗೆ ಬಿಡುಗಡೆಯಾಗುವ ಆಮ್ಲಜನಕ ಆ ದ್ರಾವಕವನ್ನೆಲ್ಲ ಸುಡೋಕೆ ಸಾಲದು. ನಿಜವಾದ ತೊಂದರೆ ಕಾವು. ಹ್ಯಾಲಾನ್ ತಂಪು ಮಾಡುವ ಅನಿಲ ಅಲ್ಲ, ಹಾಗಾಗಿ ಸೆಲ್ಲಿನಿಂದ ಸೆಲ್ಲಿಗೆ ಕಾವು ದಾಟುತ್ತಲೇ ಇರುತ್ತದೆ, ಹೈಡ್ರೋಜನ್ ಮತ್ತು ಕಾರ್ಬನ್ ಮಾನಾಕ್ಸೈಡ್ ಥರದ ಉರಿಯುವ ಅನಿಲಗಳು ಹೊರಗೆ ಬರುತ್ತಲೇ ಇರುತ್ತವೆ.

ಅಮೆರಿಕದ ವಿಮಾನಯಾನ ನಿಯಂತ್ರಣ ಸಂಸ್ಥೆ ಎಫ್‌ಎಎ 2017ರಲ್ಲಿ ಇದನ್ನು ಮಾಡಿಯೇ ನೋಡಿತು. ಸೂಟ್‌ಕೇಸ್ ತುಂಬಾ ಬಟ್ಟೆ, ಅದರೊಳಗೆ ಲ್ಯಾಪ್‌ಟಾಪ್, ಅದರ ಬ್ಯಾಟರಿಯನ್ನು ಬೇಕಂತಲೇ ಬಿಸಿ ಮಾಡೋಕೆ ಒಂದು ಹೀಟರ್, ಪಕ್ಕದಲ್ಲಿ ಡ್ರೈ ಶಾಂಪೂವಿನ ಸ್ಪ್ರೇ ಡಬ್ಬಿ. ಶಾಂಪೂ ಡಬ್ಬಿ ಸಾಮಾನ್ಯವಾಗಿ ಬ್ಯಾಗಲ್ಲಿ ಇರೋದೇ ಅಲ್ವಾ? ಬೆಂಕಿ ಹತ್ತಿ ಒಂದು ನಿಮಿಷ ಆಗುವ ಮೊದಲೇ ಡಬ್ಬಿ ಸಿಡಿಯಿತು. ಹೊಗೆ ಪತ್ತೆಯಾಗಿ ಹ್ಯಾಲಾನ್ ತುಂಬಿಕೊಳ್ಳೋದಕ್ಕೂ ಸಮಯ ಸಿಗದಷ್ಟು ಬೇಗ.

ಅದೇ ಪವರ್ ಬ್ಯಾಂಕ್ ಮೇಲೆ, ನಿಮ್ಮ ಕಾಲ ಹತ್ತಿರದ ಬ್ಯಾಗಿನಲ್ಲಿದ್ದರೆ? ಮೊದಲು ಬ್ಯಾಗು ಬಿಸಿ ಅನ್ನಿಸುತ್ತದೆ. ಅಥವಾ ಉಗುರಿನ ಬಣ್ಣ ತೆಗೆಯುವ ದ್ರವದ ಥರ ಸಿಹಿಯಾದ, ಮೂಗಿಗೆ ಹೊಡೆಯುವ ವಾಸನೆ ಬರುತ್ತದೆ. ಆಮೇಲೆ ಸುಯ್ ಅನ್ನುವ ಸದ್ದು, ಬಿಳಿ ಹೊಗೆ. ನೀವು ಕೂಗುತ್ತೀರಿ, ಸಿಬ್ಬಂದಿ ಓಡಿ ಬರುತ್ತಾರೆ. ಅವರು ಮೊದಲು ಕೈಯಲ್ಲಿ ಹಿಡಿಯುವ ಹ್ಯಾಲಾನ್ ಸಿಲಿಂಡರಿನಿಂದ ಜ್ವಾಲೆ ಆರಿಸುತ್ತಾರೆ, ಆಮೇಲೆ ನೀರು ಸುರಿಯುತ್ತಾರೆ. ನೀರು ಸಾಲದಿದ್ದರೆ ಜ್ಯೂಸ್, ಸೋಡಾ, ಆಲ್ಕೋಹಾಲ್ ಇಲ್ಲದ ಯಾವುದಾದರೂ ಸರಿ.

ಲಿಥಿಯಂಗೆ ನೀರು ಹಾಕಬಾರದು ಅಂತ ಶಾಲೆಯಲ್ಲಿ ಕಲಿತವರು ಇಲ್ಲಿ ಹೌಹಾರುತ್ತಾರೆ. ಆ ಮಾತು ಲಿಥಿಯಂ ಲೋಹಕ್ಕೆ. ಪವರ್ ಬ್ಯಾಂಕಿನಲ್ಲಿ ಲಿಥಿಯಂ ಇರೋದು ಅಯಾನ್ ರೂಪದಲ್ಲಿ, ಗ್ರಾಫೈಟ್ ಮತ್ತು ಆಕ್ಸೈಡಿನ ಪದರಗಳ ಸಂದಿಯಲ್ಲಿ ಸೇರಿಕೊಂಡು. ಇಲ್ಲಿ ನೀರಿಗಿಂತ ಒಳ್ಳೇ ಮದ್ದು ಇಲ್ಲ. ಐಸ್ ಮಾತ್ರ ಬೇಡ. ಐಸ್ ಮುಚ್ಚಿದರೆ ಅದೇ ಕಂಬಳಿಯ ಹಾಗಾಗಿ ಒಳಗಿನ ಕಾವನ್ನು ಹಿಡಿದಿಡುತ್ತದೆ, ಪಕ್ಕದ ಸೆಲ್ ಬಿಸಿಯಾಗುತ್ತದೆ. ಪಾಪ, ಐಸ್ ತಂಪು ಅಂತ ಎಲ್ಲರಿಗೂ ಮೊದಲು ಅದೇ ಹೊಳೆಯೋದು.

ಇಷ್ಟಾದ ಮೇಲೆ ಮಿತಿಯ ಲೆಕ್ಕ ಸುಲಭ. ಬ್ಯಾಟರಿ ಹಿಡಿದಿಡುವ ಶಕ್ತಿಯನ್ನು ಅಳೆಯೋದು ವ್ಯಾಟ್-ಅವರಿನಲ್ಲಿ, ಅದು 100ರ ತನಕ ಇದ್ದರೆ ಯಾರ ಅನುಮತಿಯೂ ಬೇಡ. 100ರಿಂದ 160ರ ತನಕ ವಿಮಾನ ಕಂಪನಿಯ ಒಪ್ಪಿಗೆ ಬೇಕು, ಅದೂ ಒಬ್ಬರಿಗೆ ಎರಡೇ. 160 ದಾಟಿದರೆ ಪ್ರಯಾಣಿಕರ ಬ್ಯಾಗಿನಲ್ಲಿ ಜಾಗವೇ ಇಲ್ಲ. ಇದು ಎಲ್ಲ ಕಡೆ ಇರುವ ತಳಹದಿ ನಿಯಮ, ಇದರ ಮೇಲೆ ಒಂದೊಂದು ಕಂಪನಿ ತನ್ನದೇ ಬಿಗಿ ನಿಯಮ ಹಾಕುತ್ತದೆ. ಎಮಿರೇಟ್ಸ್ 2025ರ ಅಕ್ಟೋಬರಿನಿಂದ ಒಬ್ಬರಿಗೆ ಒಂದೇ ಪವರ್ ಬ್ಯಾಂಕ್ ಅಂದಿದೆ, ವಿಮಾನದೊಳಗೆ ಅದನ್ನು ಬಳಸುವ ಹಾಗೂ ಇಲ್ಲ.

ಈ 100 ಎಲ್ಲಿಂದ ಬಂತು ಅನ್ನೋದು ನನಗೆ ಇಷ್ಟವಾದ ಕಥೆ. ಹಿಂದೆ ಮಿತಿ ಇದ್ದದ್ದು ಗ್ರಾಂನಲ್ಲಿ, ಬ್ಯಾಟರಿಯಲ್ಲಿ 8 ಗ್ರಾಂ ಲಿಥಿಯಂಗೆ ಸಮನಾದಷ್ಟು ಇರಬಹುದು ಅಂತ. ಬ್ಯಾಟರಿ ಸಾಮರ್ಥ್ಯದ ಒಂದು ಆಂಪಿಯರ್-ಅವರಿಗೆ 0.3 ಗ್ರಾಂ ಅಂತ ಲೆಕ್ಕ ಹಿಡಿಯುತ್ತಿದ್ದರು. 8 ಗ್ರಾಂ ಅಂದರೆ ಸುಮಾರು 26.7 ಆಂಪಿಯರ್-ಅವರ್. ಅದನ್ನು ಸೆಲ್ಲಿನ 3.7 ವೋಲ್ಟಿಗೆ ಗುಣಿಸಿದರೆ ಹತ್ತಿರಹತ್ತಿರ 99. ಅದೇ ದುಂಡಗಾಗಿ 100 ಆಯಿತು.

ಅಂಗಡಿಯವರು ಹೇಳೋದು ಮಾತ್ರ ವ್ಯಾಟ್-ಅವರ್ ಅಲ್ಲ, ಎಂಎಎಚ್, ಅಂದರೆ ಮಿಲಿಆಂಪಿಯರ್-ಅವರ್. ಡಬ್ಬಿಯ ಮೇಲೆ ದಪ್ಪ ಅಕ್ಷರದಲ್ಲಿ 25,000 ಇದೆ ಅನ್ನಿ. ಔಟ್‌ಪುಟ್ 5 ವೋಲ್ಟ್ ಅಂತಲೂ ಬರೆದಿರುತ್ತದೆ. ಜನ ಇವೆರಡನ್ನೂ ಗುಣಿಸಿ 125 ಬಂತಲ್ಲಪ್ಪ ಅಂತ ಗಾಬರಿಯಾಗುತ್ತಾರೆ. ತಪ್ಪಾಗೋದು ಇಲ್ಲೇ. ಆ 25,000 ಹೇಳಿರೋದು ಒಳಗಿನ ಸೆಲ್ಲಿನ ವೋಲ್ಟೇಜಿನಲ್ಲಿ, ಅದು 3.7.

25,000 mAh × 3.7 V ÷ 1000 = 92.5 Wh

ಮಿತಿಯೊಳಗೇ ಇದೆ. ಇದೇ ಲೆಕ್ಕದಲ್ಲಿ 20,000ದ್ದು 74, ಅದೂ ಸಲೀಸು. 30,000ದ್ದು 111 ಆಗುತ್ತದೆ, ಅದಕ್ಕೆ ಮೊದಲೇ ಕಂಪನಿಯನ್ನು ಕೇಳಬೇಕು. ಮಾರುಕಟ್ಟೆಯಲ್ಲಿ 27,000ದ ಸುತ್ತಮುತ್ತಲಿನ ವಿಚಿತ್ರ ಸಂಖ್ಯೆಗಳು ಕಾಣಿಸೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ, 99.9ಕ್ಕೆ ಬಂದು ನಿಲ್ಲಲಿ ಅಂತ.

74 ವ್ಯಾಟ್-ಅವರ್ ಅಂದರೆ ಎಷ್ಟು? ಒಂದು ಲೀಟರ್ ನೀರನ್ನು 25 ಡಿಗ್ರಿಯಿಂದ ಸುಮಾರು 88 ಡಿಗ್ರಿಗೆ ಕಾಯಿಸುವಷ್ಟು. ಇದು ಬರೀ ವಿದ್ಯುತ್ತಿನ ಲೆಕ್ಕ, ದ್ರಾವಕ ಉರಿದರೆ ಬರುವ ಕಾವು ಬೇರೆ. ಹಾಗಾಗಿ ಒಂದೆರಡು ಬಾಟಲಿ ನೀರು ಹಾಕಿ ಕೈ ತೊಳೆದುಕೊಳ್ಳುವ ಹಾಗಿಲ್ಲ, ಸುರಿಯುತ್ತಲೇ ಇರಬೇಕು. ಕಾವಲೂ ಕಾಯಬೇಕು.

ಹ್ಯಾಂಡ್ ಬ್ಯಾಗಿನಲ್ಲಿ ಇಟ್ಟೆ, ಮುಗೀತು ಅನ್ನುವ ಹಾಗೂ ಇಲ್ಲ. 2025ರ ಜನವರಿ 28ರಂದು ದಕ್ಷಿಣ ಕೊರಿಯಾದ ಬುಸಾನಿನಲ್ಲಿ ಏರ್ ಬುಸಾನ್ ವಿಮಾನವೊಂದು ಹೊರಡುವ ತಯಾರಿಯಲ್ಲಿದ್ದಾಗ ಸೀಟಿನ ಮೇಲಿನ ಲಗೇಜ್ ಗೂಡಿನಲ್ಲಿ ಬೆಂಕಿ ಕಾಣಿಸಿತು. ಒಳಗಿದ್ದ 176 ಜನರೂ ಹೊರಗೆ ಬಂದರು, ವಿಮಾನದ ಚಾವಣಿ ಮಾತ್ರ ಸುಟ್ಟು ತೂತಾಯಿತು. ಪವರ್ ಬ್ಯಾಂಕಿನೊಳಗಿನ ಇನ್ಸುಲೇಶನ್ ಕೆಟ್ಟಿರುವ ಸಾಧ್ಯತೆ ಇದೆ ಅಂತ ತನಿಖೆಯವರು ಹೇಳಿದರು. ಮುಚ್ಚಿದ ಗೂಡು, ಮೇಲೆ ಇನ್ನೊಬ್ಬರ ಜಾಕೆಟ್, ಅದರ ಮೇಲೆ ಇನ್ನೊಂದು ಬ್ಯಾಗ್. ಕೈಗೂ ಸಿಗಲ್ಲ, ಮೂಗಿಗೂ ಸಿಗಲ್ಲ. ಮಾರ್ಚ್ 1ರಿಂದ ಕೊರಿಯಾದ ವಿಮಾನಗಳಲ್ಲಿ ಪವರ್ ಬ್ಯಾಂಕನ್ನು ಆ ಗೂಡಿನಲ್ಲಿ ಇಡುವಂತಿಲ್ಲ, ಮೈಮೇಲೆ ಅಥವಾ ಸೀಟಿನ ಬಳಿಯೇ ಇಟ್ಟುಕೊಳ್ಳಬೇಕು ಅಂತ ಆಯಿತು.

ಹೊರಡುವ ಹಿಂದಿನ ರಾತ್ರಿ ಮೇಜಿನ ಮೇಲಿಟ್ಟು ಒಂದು ಮೂಲೆ ಒತ್ತಿ ನೋಡಿ. ಅಲುಗಾಡಿದರೆ ಅಥವಾ ಬುಗುರಿ ಹಾಗೆ ತಿರುಗಿದರೆ ಹೊಟ್ಟೆ ಊದಿದೆ ಅಂತ ಅರ್ಥ, ಒಳಗೆ ಆಗಲೇ ಗ್ಯಾಸ್ ಸೇರಿದೆ, ಅದನ್ನು ಎಲ್ಲಿಗೂ ಒಯ್ಯಬೇಡಿ. ವ್ಯಾಟ್-ಅವರ್ ಅಕ್ಷರ ಅಳಿಸಿ ಹೋಗಿದ್ದರೂ ಭದ್ರತಾ ತಪಾಸಣೆಯಲ್ಲಿ ಕಿತ್ತುಕೊಳ್ಳಬಹುದು. ಬಿಡಿ ಬ್ಯಾಟರಿಗಳಿದ್ದರೆ ತುದಿಗಳಿಗೆ ಟೇಪ್ ಹಚ್ಚಿ, ಬೀಗದ ಕೈ, ನಾಣ್ಯದ ಜೊತೆ ಒಂದೇ ಚೀಲದಲ್ಲಿ ಹಾಕಬೇಡಿ.

ಜನ ಎಡವೋದು ಹೆಚ್ಚಾಗಿ ಇನ್ನೊಂದು ಕಡೆ. ಎಲ್ಲ ಸರಿಯಾಗಿ ಮಾಡಿ ವಿಮಾನದ ಬಾಗಿಲ ತನಕ ಬಂದಿರುತ್ತೀರಿ. ಅಲ್ಲಿ ಸಿಬ್ಬಂದಿ, ಮೇಲೆ ಜಾಗ ಇಲ್ಲ, ನಿಮ್ಮ ಹ್ಯಾಂಡ್ ಬ್ಯಾಗನ್ನೂ ಕೆಳಗೆ ಹಾಕುತ್ತೇವೆ ಅನ್ನುತ್ತಾರೆ. ಗಡಿಬಿಡಿಯಲ್ಲಿ ಟ್ಯಾಗ್ ಕಟ್ಟಿಸಿಕೊಂಡು ಬ್ಯಾಗ್ ಕೊಟ್ಟು ಒಳಗೆ ಹೋಗಿಬಿಡುತ್ತೀರಿ, ಪವರ್ ಬ್ಯಾಂಕ್ ಅದರ ಜೊತೆಗೇ ಕೆಳಗೆ ಹೋಗುತ್ತದೆ. ಆ ಬ್ಯಾಗು ಕೈಬಿಡುವ ಮುಂಚೆ ಅಲ್ಲೇ ಜಿಪ್ ತೆಗೆದು ಅದನ್ನು ಹೊರಗೆ ತೆಗೆದುಕೊಳ್ಳಿ, ಹಿಂದಿನವರು ಬೈದುಕೊಂಡರೂ ಪರವಾಗಿಲ್ಲ.