ಇರುವೆ ಇಲ್ಲ, ಕೆಟ್ಟ ರಕ್ತವೂ ಅಲ್ಲ

ಪ್ರಶ್ನೆ: ನನಗೆ 46 ವರ್ಷ. ಮುಟ್ಟು ಒಂದು ತಿಂಗಳು ಬಂದರೆ ಎರಡು ತಿಂಗಳು ಬರುವುದಿಲ್ಲ. ರಾತ್ರಿ ಮಲಗಿದರೆ ಕಾಲು, ಬೆನ್ನಿನ ಮೇಲೆ ಇರುವೆ ಹರಿದಂತಾಗುತ್ತದೆ. ದೀಪ ಹಾಕಿ ನೋಡಿದರೆ ಏನೂ ಇಲ್ಲ. ಕೆಟ್ಟ ರಕ್ತ ಒಳಗೇ ಉಳಿದು ಹೀಗಾಗುತ್ತಿದೆಯೇ?
– ಓದುಗರೊಬ್ಬರು, ಸೇಡಂ

ಉತ್ತರ: ಊರು ಬದಲಾಗುತ್ತದೆ, ವಯಸ್ಸು ಒಂದೆರಡು ವರ್ಷ ಹೆಚ್ಚುಕಡಿಮೆಯಾಗುತ್ತದೆ, ಕೆಟ್ಟ ರಕ್ತ ಮಾತ್ರ ಯಾವ ಪತ್ರದಲ್ಲೂ ತಪ್ಪುವುದಿಲ್ಲ.

ಮುಟ್ಟಿನಲ್ಲಿ ಹೋಗುವುದು ಮೈಯ ಕೊಳೆಯಲ್ಲ. ಗರ್ಭಕೋಶದ ಒಳಪದರ ಮತ್ತು ನಿಮ್ಮ ಕೈಯ ರಕ್ತನಾಳದಲ್ಲಿ ಹರಿಯುವ ಅದೇ ರಕ್ತ. ಸಾಮಾನ್ಯವಾಗಿ ಒಂದು ಮುಟ್ಟಿಗೆ ಎಲ್ಲ ಸೇರಿ ಎರಡು ಮೂರು ದೊಡ್ಡ ಚಮಚದಷ್ಟು. ಮುಟ್ಟು ತಡವಾದರೆ ಆ ಪದರ ಗರ್ಭಕೋಶದಲ್ಲೇ ಇರುತ್ತದೆ. ಅಲ್ಲಿಂದ ಬೆನ್ನಿನ ಚರ್ಮಕ್ಕೆ ದಾರಿಯೇ ಇಲ್ಲ. ರಕ್ತಶುದ್ಧಿಯ ಟಾನಿಕ್‌ಗೆ ಇಲ್ಲಿ ತೊಳೆಯಲು ಏನೂ ಸಿಗುವುದಿಲ್ಲ.

ಆಗುತ್ತಿರುವುದು ಬೇರೆ. ಚರ್ಮ ಎಣ್ಣೆಯಂಶ ಮತ್ತು ನೀರನ್ನು ಹಿಡಿದಿಟ್ಟುಕೊಳ್ಳಲು ಈಸ್ಟ್ರೋಜೆನ್ ಎಂಬ ಹೆಣ್ಣು ಹಾರ್ಮೋನು ನೆರವಾಗುತ್ತದೆ. ಮುಟ್ಟು ನಿಲ್ಲುವ ಕಾಲ ಹತ್ತಿರವಾಗಿ ಅದು ಏರಿಳಿದು ಇಳಿಮುಖವಾದಾಗ ಚರ್ಮ ಒಣಗುತ್ತದೆ, ತೆಳುವಾಗುತ್ತದೆ. ಸೀರೆಯ ಅಂಚು ತಾಗಿದರೂ ತುರಿಸುತ್ತದೆ. ಈ ಹಾರ್ಮೋನಿಗೆ ನರಗಳೂ ಸ್ಪಂದಿಸುವುದರಿಂದ ಏನೂ ಮುಟ್ಟದೆಯೇ ಅವು ಸುದ್ದಿ ಕಳುಹಿಸುತ್ತವೆ, ಮೆದುಳು ಅದನ್ನು ಇರುವೆ ಎಂದು ಓದುತ್ತದೆ. ಜುಮ್ಮೆನ್ನುವುದೂ ಹೀಗೆಯೇ.

ಆದರೆ ಎಲ್ಲವನ್ನೂ ಹಾರ್ಮೋನಿನ ತಲೆಗೆ ಕಟ್ಟಬೇಡಿ. ಆಳಂದ ಕಡೆಯ ಶಿಕ್ಷಕಿಯೊಬ್ಬರು ನಾಲ್ಕು ಟಾನಿಕ್ ಬಾಟಲಿ ಚೀಲದಲ್ಲಿಟ್ಟುಕೊಂಡು ಬಂದಿದ್ದರು. ಮೈಮೇಲೆ ಗುಳ್ಳೆಗಳಿಲ್ಲ, ಮೀನಖಂಡದ ಮೇಲೆ ಉಗುರಿನ ಗೀರು ಮಾತ್ರ. ಸಕ್ಕರೆ, ಥೈರಾಯ್ಡ್, ಬಿ12 ಸರಿಯಿದ್ದವು. ದೇಹದ ಕಬ್ಬಿಣದ ದಾಸ್ತಾನು ತೋರಿಸುವ ಫೆರಿಟಿನ್ ತಳ ಕಂಡಿತ್ತು. ಮುಟ್ಟು ಹೇಗಿದೆ ಎಂದು ಕೇಳಿದೆ. ಬಂದಾಗ ಹತ್ತು ದಿನ, ಗಡ್ಡೆಗಡ್ಡೆ. “ಕೆಟ್ಟದ್ದು ಹೋಗಲಿ ಎಂದು ಸುಮ್ಮನಿದ್ದೆ ಮೇಡಂ” ಎಂದರು. ಹೋದದ್ದು ಒಳ್ಳೆಯ ರಕ್ತ! ಕಬ್ಬಿಣದ ಕೊರತೆಯಿಂದಲೂ ಮೈ ತುರಿಸುತ್ತದೆ, ರಾತ್ರಿ ಕಾಲಿನಲ್ಲಿ ಏನೋ ಹರಿದಂತಾಗುತ್ತದೆ. ಸ್ರಾವಕ್ಕೆ ಸ್ತ್ರೀರೋಗ ತಜ್ಞರ ಬಳಿ ಕಳುಹಿಸಿ, ಕಬ್ಬಿಣದ ಮಾತ್ರೆ ಕೊಟ್ಟೆ. ಕಾಲಿನ ಕಾಟ ಎರಡು ಮೂರು ತಿಂಗಳಲ್ಲಿ ತಗ್ಗಿತು. ಒಣಚರ್ಮದ ತುರಿಕೆ ಉಳಿಯಿತು. ಅದಕ್ಕೆ ಬೇವಿನೆಲೆ ಕುದಿಸಿದ ಬಿಸಿನೀರು ಬಿಡಿಸಿದೆ. ನಮ್ಮ ಕಲಬುರಗಿ ಬಿಸಿಲಿಗೆ ಮೊದಲೇ ಒಣಗಿದ ಮೈಯನ್ನು ಅದು ಇನ್ನಷ್ಟು ಒಣಗಿಸುತ್ತದೆ. ಉಗುರುಬೆಚ್ಚಗಿನ ಸ್ನಾನ, ಮೈ ಹಸಿಯಿರುವಾಗಲೇ ಕೊಬ್ಬರಿ ಎಣ್ಣೆ ಅಥವಾ ವ್ಯಾಸಲಿನ್.

ನೀವು ಕೇಳಿಲ್ಲ, ಆದರೂ ಹೇಳುತ್ತೇನೆ: ಮನೆಯಲ್ಲಿ ಯಜಮಾನರು, ಮಕ್ಕಳು ಕೂಡ ರಾತ್ರಿ ಕೆರೆದುಕೊಳ್ಳುತ್ತಿದ್ದಾರೆಯೇ? ಬೆರಳುಗಳ ಸಂದಿಯಲ್ಲಿ, ಹೊಕ್ಕುಳ ಸುತ್ತ ಸಣ್ಣ ಗುಳ್ಳೆಗಳಿವೆಯೇ? ಹಾಗಿದ್ದರೆ ಅದು ಕಜ್ಜಿ ಇರಬಹುದು. ಅದರ ಹುಳು ನಿಜವಾಗಿಯೂ ಚರ್ಮದೊಳಗೇ ಇರುತ್ತದೆ. ವೈದ್ಯರು ಬರೆದುಕೊಡುವ ಮುಲಾಮನ್ನು ಮನೆಮಂದಿಯೆಲ್ಲ ಒಟ್ಟಿಗೇ ಹಚ್ಚಿಕೊಳ್ಳಬೇಕು, ತುರಿಕೆ ಇಲ್ಲ ಎನ್ನುವ ಅತ್ತೆಯವರೂ.