ಸಂಡಿಗೆ ಡಬ್ಬಿಯಲ್ಲಿ ಎಷ್ಟಿತ್ತು ಎಂದು ಕೇಳಬೇಡಿ

‘ಸಾರ್, ಪಿಡಿಎಫ್ ತೆರೆದರೆ ಕಂಪ್ಯೂಟರ್ ನಿಂತುಬಿಡುತ್ತದೆ, ಸೈಜ್ ಸ್ವಲ್ಪ ಕಡಿಮೆ ಮಾಡಿಕೊಡಿ.’ ಹಳೆಯ ಕಾಗದಪತ್ರಗಳನ್ನು ಸ್ಕ್ಯಾನ್ ಮಾಡಿ ಒಪ್ಪ ಮಾಡಿಕೊಡುವ ನನ್ನ ಕೆಲಸದಲ್ಲಿ ವಾರಕ್ಕೊಮ್ಮೆಯಾದರೂ ಈ ಮಾತು ಕಿವಿಗೆ ಬೀಳುತ್ತದೆ. ಕೇಳುವವರು ಬೇರೆ ಬೇರೆ, ಮಾತು ಒಂದೇ. ಸೈಜ್ ಕಡಿಮೆ ಮಾಡಿಕೊಟ್ಟರೂ ಅದು ಹಾಗೆಯೇ ನಿಲ್ಲುತ್ತದೆ ಎಂದರೆ ಯಾರೂ ನಂಬುವುದಿಲ್ಲ.

ಮೊದಲು ಪುಟಗಳ ಸಂಖ್ಯೆಯ ಮೇಲಿನ ಅನುಮಾನವನ್ನು ಬಿಡೋಣ. ಇಂಟೆಲ್ ಕಂಪನಿ ತನ್ನ ಪ್ರೊಸೆಸರ್‌ಗಳ ಕೈಪಿಡಿಯ ಎಲ್ಲ ಸಂಪುಟಗಳನ್ನು ಸೇರಿಸಿ ಒಂದೇ ಪಿಡಿಎಫ್ ಆಗಿ ಕೊಡುತ್ತದೆ. ಸುಮಾರು ಐದು ಸಾವಿರ ಪುಟ. ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲೂ ಅದು ತಕರಾರಿಲ್ಲದೆ ತೆರೆಯುತ್ತದೆ. ಪಿಡಿಎಫ್‌ನ ಕೊನೆಯಲ್ಲಿ ಒಂದು ಸೂಚಿ ಇರುತ್ತದೆ. ಯಾವ ವಸ್ತು ಫೈಲಿನ ಎಷ್ಟನೇ ಬೈಟ್‌ನಲ್ಲಿದೆ ಎಂಬ ಲೆಕ್ಕ ಅದು. ತೆರೆಯುವ ತಂತ್ರಾಂಶ ಅದನ್ನು ನೋಡಿಕೊಂಡು ಬೇಕಾದ ಪುಟಕ್ಕೆ ನೇರವಾಗಿ ಹೋಗುತ್ತದೆ. (ಆ ಸೂಚಿಯೇ ಕೆಟ್ಟಿದ್ದರೆ ಇಡೀ ಫೈಲನ್ನು ಜಾಲಾಡಬೇಕಾಗುತ್ತದೆ. `qpdf --check` ಎಂಬ ಆದೇಶ ಅದನ್ನು ಹೇಳಿಬಿಡುತ್ತದೆ. ನನ್ನ ಬಳಿ ಬರುವವರಲ್ಲಿ ಇದು ಅಪರೂಪ.)

ಹಾಗಾದರೆ ಭಾರ ಎಲ್ಲಿಯದು? ಒಂದು ಪ್ರಕರಣವನ್ನೇ ಹೇಳುತ್ತೇನೆ. ಒಬ್ಬ ವಕೀಲರ ಕಚೇರಿ, ಹಳೆಯ ಜಮೀನು ವ್ಯಾಜ್ಯ, 3,640 ಪುಟ, ಒಂದೇ ಫೈಲ್, 3.8 ಜಿಬಿ. ಪುಟಕ್ಕೆ ಸರಾಸರಿ ಒಂದು ಎಂಬಿ ಆಯಿತು. ಒಂದು ಎಂಬಿ ಏನು ಮಹಾ ಎಂದು ಅವರ ವಾದ. ನಾನು ಹೋದವನೇ ಈ ಆದೇಶ ಕೊಟ್ಟೆ:

```
pdfimages -list -f 1 -l 3 dava.pdf
```

ಮೊದಲ ಮೂರು ಪುಟಗಳೂ 4960 × 7016 ಚುಕ್ಕೆಗಳ ಬಣ್ಣದ ಚಿತ್ರ ಎಂದು ಬಂತು. ಅಂದರೆ ಎ4 ಹಾಳೆಯನ್ನು 600 ಡಿಪಿಐನಲ್ಲಿ, ಅಂಗುಲಕ್ಕೆ 600 ಚುಕ್ಕೆಯಂತೆ, ಬಣ್ಣದಲ್ಲಿ ಸ್ಕ್ಯಾನ್ ಮಾಡಿದ್ದರು. ಕಪ್ಪು ಮಸಿಯ ಟೈಪ್ ಮಾಡಿದ ಹಾಳೆಗೆ!

ನಾನು ಹೇಳಿ ಹೇಳಿ ಸಾಕಾಗಿರುವ ಮಾತು ಇಲ್ಲಿದೆ. ಡಬ್ಬಿಯಲ್ಲಿರುವ ಒಣ ಸಂಡಿಗೆಯನ್ನು ನೆನೆಸಿಕೊಳ್ಳಿ. ಡಬ್ಬಿ ಸಣ್ಣದು, ಆದರೆ ಬಾಣಲೆಗೆ ಬಿದ್ದ ಮೇಲೆ ಸಂಡಿಗೆ ಅರಳುತ್ತದೆ. ಫೈಲಿನ ಎಂಬಿ ಎನ್ನುವುದು ಡಬ್ಬಿಯ ಲೆಕ್ಕ. ಪುಟವನ್ನು ಪರದೆಯ ಮೇಲೆ ತೋರಿಸಬೇಕಾದರೆ ಜೆಪೆಗ್ ಆಗಿ ಮಡಿಸಿಟ್ಟದ್ದನ್ನು ಸಾಮಾನ್ಯವಾಗಿ ಪೂರ್ತಿ ಬಿಡಿಸಬೇಕು. 4960ನ್ನು 7016ರಿಂದ ಗುಣಿಸಿ, ಚುಕ್ಕೆಗೆ ಮೂರು ಬೈಟ್ ಹಾಕಿ: ಒಂದು ಪುಟಕ್ಕೆ ಸುಮಾರು 104 ಎಂಬಿ. ಒಂದು ಎಂಬಿಯ ಪುಟ ಬಾಣಲೆಯಲ್ಲಿ ನೂರು ಎಂಬಿಯಾಯಿತು. ಪುಟಗಳು ಒಂದರ ಕೆಳಗೊಂದು ಸಾಲಾಗಿ ಬರುವಂತೆ ಇಟ್ಟುಕೊಂಡು ಮೌಸ್‌ನ ಚಕ್ರ ಜೋರಾಗಿ ತಿರುಗಿಸಿದರೆ ಹತ್ತಾರು ಪುಟ ಒಟ್ಟಿಗೆ ಅರಳಲು ನಿಲ್ಲುತ್ತವೆ. ಎಡಪಕ್ಕದಲ್ಲಿ ಪುಟಾಣಿ ಚಿತ್ರಗಳ ಸಾಲು ತೆರೆದಿದ್ದರಂತೂ ಹೆಬ್ಬೆರಳಿನಷ್ಟು ಚಿತ್ರ ತೋರಿಸುವುದಕ್ಕೂ ಎಷ್ಟೋ ತಂತ್ರಾಂಶಗಳು ಪೂರ್ಣ ಪುಟವನ್ನೇ ಬಿಡಿಸುತ್ತವೆ.

ನಾನು ಹೋಗುವ ಮೊದಲೇ ಅಲ್ಲಿನ ಕಿರಿಯ ವಕೀಲರೊಬ್ಬರು ಯಾವುದೋ ತಂತ್ರಾಂಶದಲ್ಲಿ ಫೈಲನ್ನು ‘ಕಂಪ್ರೆಸ್’ ಮಾಡಿದ್ದರು. 3.8 ಜಿಬಿ ಹೋಗಿ 900 ಎಂಬಿ ಆಗಿತ್ತು. ಹಿಗ್ಗಿನಿಂದ ತೆರೆದರು, ಮತ್ತೆ ನಿಂತಿತು. ಅದು ಚಿತ್ರದ ಗುಣಮಟ್ಟವನ್ನು ಮಾತ್ರ ಇಳಿಸಿತ್ತು. ಚುಕ್ಕೆಗಳ ಸಂಖ್ಯೆ ಅಷ್ಟೇ ಉಳಿದಿತ್ತು. ಡಬ್ಬಿ ಸಣ್ಣದಾಯಿತೇ ಹೊರತು ಬಾಣಲೆಯಲ್ಲಿ ಅದೇ 104 ಎಂಬಿ. ಜೊತೆಗೆ ಒಂದು ಪಹಣಿಯಲ್ಲಿ ಸರ್ವೆ ನಂಬರಿನ 3 ಯಾವುದು, 8 ಯಾವುದು ಎಂದು ಹೇಳಲಾಗದಂತಾಗಿತ್ತು. ಕಂಪ್ರೆಸ್ ಎಂದರೆ ನನಗೆ ಭಯ ಇರುವುದು ಇದಕ್ಕೇ. 2013ರಲ್ಲಿ ಜರ್ಮನಿಯ ಕಂಪ್ಯೂಟರ್ ವಿಜ್ಞಾನಿ ಡೇವಿಡ್ ಕ್ರೀಸೆಲ್ ಕೆಲವು ಜೆರಾಕ್ಸ್ ಯಂತ್ರಗಳು ಸ್ಕ್ಯಾನ್ ಮಾಡುವಾಗ ಅಂಕಿಗಳನ್ನೇ ಬದಲಿಸುತ್ತಿದ್ದುದನ್ನು ತೋರಿಸಿದರು. ಜೆಬಿಗ್2 ಎಂಬ ಕುಗ್ಗಿಸುವ ವಿಧಾನ ಒಂದೇ ರೀತಿ ಕಾಣುವ ಅಕ್ಷರಗಳನ್ನು ಒಂದೇ ಎಂದು ತಿಳಿದು 6 ಇದ್ದಲ್ಲಿ 8 ಇಟ್ಟುಬಿಡುತ್ತಿತ್ತು. ಮಸುಕಾದರೆ ಕಣ್ಣಿಗೆ ಗೊತ್ತಾಗುತ್ತದೆ. ಸ್ಪಷ್ಟವಾಗಿ ತಪ್ಪಾದರೆ ಗೊತ್ತೇ ಆಗುವುದಿಲ್ಲ.

ಇಳಿಸಬೇಕಾದ್ದು ಚುಕ್ಕೆ ಮತ್ತು ಬಣ್ಣವನ್ನು. ಅದೇ ಹಾಳೆ 300 ಡಿಪಿಐ, ಬೂದು ಛಾಯೆಯಲ್ಲಿದ್ದರೆ ಬಿಡಿಸಿದ ಮೇಲೆ ಸುಮಾರು 8.7 ಎಂಬಿ, ಅಂದರೆ ಹನ್ನೆರಡರಲ್ಲಿ ಒಂದು ಪಾಲು. ಟೈಪ್ ಮಾಡಿದ ಪತ್ರ ಓದುವುದಕ್ಕೆ ಅಷ್ಟು ಸಾಮಾನ್ಯವಾಗಿ ಸಾಕು. ಆದರೆ ನೀಲಿ ಮಸಿಯ ಸಹಿ, ಕೆಂಪು ಮುದ್ರೆ ಇರುವ ಪುಟಗಳನ್ನು ಬೂದು ಮಾಡಬೇಡಿ. ಅಸಲು ಯಾವುದು, ನಕಲು ಯಾವುದು ಎಂಬ ಪ್ರಶ್ನೆ ಎದ್ದಾಗ ಆ ಬಣ್ಣ ಬೇಕಾಗಬಹುದು. ಏನೇ ಮಾಡಿದರೂ ಪ್ರತಿಯ ಮೇಲೆ ಮಾಡಿ, ಮೂಲ ಫೈಲನ್ನು ಮುಟ್ಟಬೇಡಿ. ಡಿಜಿಟಲ್ ಸಹಿ ಇರುವ ಫೈಲನ್ನು ಒಡೆದರೆ ತುಣುಕುಗಳಲ್ಲಿ ಆ ಸಹಿಗೆ ಬೆಲೆ ಇರುವುದಿಲ್ಲ.

ಅಂದೇ ಕೆಲಸ ಆಗಬೇಕಿತ್ತು, ಮರುದಿನ ವಿಚಾರಣೆ. ಹಾಗಾಗಿ ಮೊದಲು ಫೈಲನ್ನು ಆಫೀಸಿನ ಸರ್ವರ್‌ನಿಂದ ಆ ಕಂಪ್ಯೂಟರಿಗೇ ನಕಲು ಮಾಡಿಕೊಂಡೆ. ಬ್ರೌಸರ್‌ನಲ್ಲಿ ತೆರೆಯುವುದನ್ನು ಬಿಡಿಸಿ ಸುಮಾತ್ರಾ ಪಿಡಿಎಫ್ ಎಂಬ ಹಗುರವಾದ ತಂತ್ರಾಂಶ ಹಾಕಿದೆ. ಎಡಪಕ್ಕದ ಸಾಲು ಮುಚ್ಚಿ, ಒಂದು ಸಲಕ್ಕೆ ಒಂದೇ ಪುಟ ಬರುವಂತೆ ಇಟ್ಟೆ. ಅಷ್ಟಕ್ಕೇ ಓದುವ ಮಟ್ಟಿಗೆ ಆಯಿತು. ಆಮೇಲೆ ಒಡೆದೆ:

```
qpdf dava.pdf --pages . 1-412 -- 01-davapatra.pdf
```

ಒಡೆದ ಮಾತ್ರಕ್ಕೆ ಪುಟ ಹಗುರವಾಗುವುದಿಲ್ಲ, ಇದನ್ನೂ ಹೇಳಿಬಿಡಬೇಕು. ಆದರೆ ಹುಡುಕಾಟ ನಾಲ್ಕು ನೂರು ಪುಟಕ್ಕೆ ಮುಗಿಯುತ್ತದೆ, ಒಂದು ಟಿಪ್ಪಣಿ ಹಾಕಿ ಬೇರೆ ಹೆಸರಿನಲ್ಲಿ ಉಳಿಸಿದರೆ 3.8 ಜಿಬಿ ಮತ್ತೆ ಬರೆಯುವ ಕರ್ಮ ತಪ್ಪುತ್ತದೆ. ನೂರು ನೂರು ಪುಟದಂತೆ ಕಣ್ಣುಮುಚ್ಚಿ ಕತ್ತರಿಸಬೇಡಿ; ದಾವಾಪತ್ರ, ಕ್ರಯಪತ್ರಗಳು, ಪಹಣಿಗಳು, ಸಾಕ್ಷಿ ಹೇಳಿಕೆಗಳು ಎಂದು ಕಾಗದದ ಕಟ್ಟಿನ ಗಡಿಯಲ್ಲೇ ಒಡೆಯಿರಿ. ಆ ಗಡಿಗಳನ್ನು ಹೇಳಿದವರು ಕಚೇರಿಯ ಹಿರಿಯ ಗುಮಾಸ್ತರು. ನಾನು ಕೇಳಿದ ತಕ್ಷಣ ಪುಟದ ಸಂಖ್ಯೆಗಳನ್ನು ಬಾಯಲ್ಲೇ ಹೇಳಿದರು, ಹನ್ನೊಂದು ಕಟ್ಟು. ‘ಕಾಗದವನ್ನು ನಾನು ಹಾಗೆಯೇ ಕಟ್ಟಿಟ್ಟಿದ್ದೆ ಸಾರ್, ಒಂದಾಗಿಸಿದ್ದು ಸ್ಕ್ಯಾನ್ ಮಾಡಿದ ಹುಡುಗ’ ಎಂದರು.

ಹುಡುಕಾಟದ ಗೋಳು ಬೇರೆ. ಸ್ಕ್ಯಾನ್ ಆದ ಪುಟಗಳಲ್ಲಿ ಅಕ್ಷರವೇ ಇಲ್ಲ, ಬರೀ ಚಿತ್ರ. ಆದರೆ ಕಂಪ್ಯೂಟರಿನಲ್ಲೇ ಸಿದ್ಧವಾದ ಸಾಕ್ಷಿ ಹೇಳಿಕೆಗಳಲ್ಲಿ ಅಕ್ಷರ ಇತ್ತು. `pdftotext` ಹಾಕಿ ಅದನ್ನು ಬರೀ ಪಠ್ಯ ಮಾಡಿಕೊಂಡರೆ ನೋಟ್‌ಪ್ಯಾಡ್‌ನಲ್ಲಿ ಕ್ಷಣದಲ್ಲಿ ಹುಡುಕಬಹುದು. ಹಾಕಿದೆ. ಕನ್ನಡ ಎಂದಿರಬೇಕಾದಲ್ಲಿ `PÀ£ÀßqÀ` ಎಂದು ಬಂತು. ಫೈಲ್ ಕೆಟ್ಟಿರಲಿಲ್ಲ. ಯೂನಿಕೋಡ್‌ಗೆ ಮೊದಲಿನ ನುಡಿ ಫಾಂಟ್‌ನಲ್ಲಿ ಬೆರಳಚ್ಚು ಮಾಡಿದ್ದರು. ಅಲ್ಲಿ ಕಾಣುವುದು ಕನ್ನಡ, ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ಗೆ ಪರಿವರ್ತಿಸುವ ಸಾಧನಗಳಿವೆ, ಆದರೆ ಒತ್ತಕ್ಷರಗಳಲ್ಲಿ ಅಲ್ಲಲ್ಲಿ ಎಡವಬಹುದು. ಆ ರಾತ್ರಿ ಅದನ್ನು ತಿದ್ದುತ್ತಾ ಕೂರುವ ವ್ಯವಧಾನ ಇರಲಿಲ್ಲ.

ಗುಮಾಸ್ತರ ಕಂಪ್ಯೂಟರಿನಲ್ಲಿ ಹಳೆಯ ನುಡಿ ಇನ್ನೂ ಇತ್ತು. ಅವರು ಅದರಲ್ಲೇ ‘ಕ್ರಯಪತ್ರ’ ಎಂದು ಬೆರಳಚ್ಚಿಸಿ, ನಕಲು ಮಾಡಿ ಹುಡುಕುವ ಜಾಗಕ್ಕೆ ಹಾಕಿದರು. ಅದೇ ಬಗೆಯ ಅರ್ಥವಾಗದ ಚಿಹ್ನೆಗಳು ಕಾಣಿಸಿದವು, ಮರುಕ್ಷಣ ಸಾಕ್ಷಿಯ ಹೇಳಿಕೆಯ ಸಾಲು ಸಿಕ್ಕಿತು. ಅಂದಿನಿಂದ ಅವರ ಪರದೆಯ ಅಂಚಿನಲ್ಲಿ ಹತ್ತು ಪದಗಳ ಒಂದು ಚೀಟಿ ಅಂಟಿಕೊಂಡಿದೆ: ಎಡಕ್ಕೆ ಕನ್ನಡ, ಬಲಕ್ಕೆ ಆ ಚಿಹ್ನೆಗಳು.