ಮರಳಿನ ಮೇಲೆ ಮೇಣದಂಥ ತೇಪೆ

ಕಾರವಾರದ ಟ್ಯಾಗೋರ್ ಕಡಲತೀರದ ನನ್ನ ಫೋಟೋ 6000×4000 ಪಿಕ್ಸೆಲ್. ಮರಳ ಮೇಲೊಂದು ನೀಲಿ ಡ್ರಮ್, ಹಗ್ಗದ ರಾಶಿ ಇತ್ತು. ಸುತ್ತ ಸುಮಾರು 2048 ಪಿಕ್ಸೆಲ್ ಅಗಲ ಸೆಲೆಕ್ಟ್ ಮಾಡಿ ಎಐಯಿಂದ ತೆಗೆಸಿದೆ. ದೂರದಿಂದ ಚೆನ್ನಾಗಿದೆ. 100% ಜೂಮ್‌ನಲ್ಲಿ ನೋಡಿದರೆ ಅಲ್ಲಿ ಮಾತ್ರ ಮರಳು ಮೇಣದ ಹಾಗೆ ನುಣುಪು.

ಯಾಕೆ ಹೀಗೆ? ಇಂಥ ಹಲವು ಮಾಡೆಲ್‌ಗಳು ಒಂದು ನಿಗದಿತ ಅಳತೆಯಲ್ಲೇ ಚಿತ್ರ ಬಿಡಿಸುತ್ತವೆ. ನಾನು ಬಳಸಿದ್ದರ ಮಿತಿ 1024. ಅದನ್ನು 2048ಕ್ಕೆ ಹಿಗ್ಗಿಸಿದಾಗ ಒಂದು ಪಿಕ್ಸೆಲ್‌ನ ಮಾಹಿತಿ ನಾಲ್ಕು ಪಿಕ್ಸೆಲ್‌ಗೆ ಹರಡಿಕೊಳ್ಳುತ್ತದೆ. ಜೊತೆಗೆ ಕ್ಯಾಮೆರಾದ ಫೋಟೋದಲ್ಲಿ ಸೆನ್ಸರ್‌ನ ಸಣ್ಣ ಗ್ರೇನ್ ಇರುತ್ತದೆ, ತೇಪೆಯಲ್ಲಿ ಅದಿಲ್ಲ.

ಚಿಕ್ಕ ವಸ್ತುವಾದರೆ ಸೆಲೆಕ್ಷನ್ನನ್ನೇ 1024ರೊಳಗೆ ಇಡಿ, ಅರ್ಧ ಗೋಳು ಮುಗಿಯಿತು. ದೊಡ್ಡದಾದರೆ ವಿವರ ತುಂಬಿಸಿ ಹಿಗ್ಗಿಸುವ ಎಐ ಅಪ್‌ಸ್ಕೇಲ್ ಬೇಕು. ನಾನು ಮೊದಲು ಎಡವಿದ್ದು ಇಲ್ಲೇ. ಹಿಗ್ಗಿದ ತೇಪೆಯನ್ನು ಹಾಗೇ ಅಪ್‌ಸ್ಕೇಲರ್‌ಗೆ ಕೊಟ್ಟೆ. ಅದು ಮಸುಕನ್ನೇ ದೊಡ್ಡದು ಮಾಡಿತು. ಮೊದಲು ತೇಪೆಯನ್ನು 1024ಕ್ಕೆ ಕುಗ್ಗಿಸಬೇಕು. ಹೆಚ್ಚಿನ ವಿವರ ಅದರಲ್ಲಿ ಇರಲೇ ಇಲ್ಲವಲ್ಲ, ನಷ್ಟವೇನೂ ಇಲ್ಲ. ಆಮೇಲೆ Real-ESRGAN ಎಂಬ ಅಪ್‌ಸ್ಕೇಲರ್‌ಗೆ ಕೊಡಬೇಕು:

```
realesrgan-ncnn-vulkan -i patch.png -o big.png -n realesrgan-x4plus
```

ಇದು 4096 ಕೊಡುತ್ತದೆ. ಅದನ್ನು 2048ಕ್ಕೆ ಇಳಿಸಿ ಫೋಟೋದ ಮೇಲೆ ಅದೇ ಜಾಗಕ್ಕೆ ಕೂರಿಸಿ. ಇದು ಹುಟ್ಟಿಸುವ ಮರಳು ಕಾಲ್ಪನಿಕವೇ, ಆದರೆ ಹರಳು ಹರಳಾಗಿ ಕಾಣುತ್ತದೆ.

ಗ್ರೇನ್ ಹಾಕುವುದು ಇದಾದ ಮೇಲೆಯೇ. ಮೊದಲೇ ಹಾಕಿದರೆ ಅಪ್‌ಸ್ಕೇಲರ್ ಅದನ್ನು ಒರೆಸಿಬಿಡುತ್ತದೆ, ಇಲ್ಲವೇ ಹುಳುಗಳಂತೆ ಎಳೆಯುತ್ತದೆ. ತೇಪೆಯ ಮೇಲೆ ಮಾತ್ರ 50% ಬೂದು ಬಣ್ಣದ Overlay ಲೇಯರ್ ಇಟ್ಟು ಬಣ್ಣವಿಲ್ಲದ ನಾಯ್ಸ್ ಸೇರಿಸಿ, ಅರ್ಧ ಪಿಕ್ಸೆಲ್‌ನಷ್ಟು ಮಸುಕು ಮಾಡಿ. ಕ್ಯಾಮೆರಾದ ಗ್ರೇನ್ ಅಷ್ಟು ಚೂಪಾಗಿರುವುದಿಲ್ಲ. ಎಷ್ಟು ಹಾಕಬೇಕು? ಒದ್ದೆ ಮರಳಿನ ಒಂದೇ ಬಣ್ಣದ ಚೌಕವನ್ನು ತೇಪೆಯ ಒಳಗೂ ಹೊರಗೂ ಆರಿಸಿ ಹಿಸ್ಟೋಗ್ರಾಂನಲ್ಲಿ Std Dev ನೋಡಿ. ಎರಡೂ ಹತ್ತಿರ ಬಂದರೆ ಸಾಕು.

ಕೊನೆಗೆ ಅಂಚು. ಕೈ ಸುಮ್ನೆ ಜಾಸ್ತಿ ಫೆದರ್ ಕಡೆಗೆ ಹೋಗುತ್ತದೆ, ಅಲ್ವಾ? ಆದರೆ ಫೆದರ್ ಜಾಗದಲ್ಲಿ ಎರಡು ಬೇರೆ ಬೇರೆ ಮರಳು ಅರ್ಧರ್ಧ ಬೆರೆತು ಹರಳುಗಳು ಸಪ್ಪೆಯಾಗುತ್ತವೆ. 40 ಪಿಕ್ಸೆಲ್ ಫೆದರ್ ಹಾಕಿದಾಗ ತೇಪೆಯ ಸುತ್ತ ಮಸುಕಾದ ಪಟ್ಟಿ ಎದ್ದು ಕಂಡಿತು. 4ಕ್ಕೆ ಇಳಿಸಿದೆ. ಮಾಸ್ಕಿನ ಅಂಚನ್ನು ಅಲೆಯ ನೊರೆ ಮರಳಿಗೆ ತಾಗುವ ಗೆರೆಯ ಮೇಲೆ, ಹೆಜ್ಜೆಗುರುತಿನ ನೆರಳಿನ ಮೇಲೆ ಓಡಿಸಿದೆ. ಆಗ ಜೋಡಣೆ ಕಾಣಲಿಲ್ಲ.

ಇನ್ನೊಂದು ಮಾತು. ಹಿಂದಿನ ಗುಡ್ಡದಂತೆ ಫೋಕಸ್ ತಪ್ಪಿದ ಜಾಗದಲ್ಲಿ ತೇಪೆಯಿದ್ದರೆ ಅಪ್‌ಸ್ಕೇಲ್ ಮಾಡಲೇಬೇಡಿ. ಅಲ್ಲಿ ಫೋಟೋವೇ ಮಸುಕು, ಗ್ರೇನ್ ಒಂದು ಸರಿಹೊಂದಿದರೆ ಆಯಿತು.